ಕಂಪನಿ ಉದ್ದೇಶದ ಆಚೆಗಿನ ಕಾಂಟ್ರಾಕ್ಟ್ ಕೋರ್ಟಲ್ಲಿ ನಿಲ್ಲುತ್ತಾ? ಚೆಕ್ ಮಾಡೋದು ಹೀಗೆ

ಕಂಪನಿ ಜೊತೆ ದೊಡ್ಡ ಮೊತ್ತದ ವ್ಯವಹಾರ ಮಾಡೋರು ಜಿಎಸ್‌ಟಿ ನಂಬರ್ ನೋಡ್ತಾರೆ, ಪ್ಯಾನ್ ನೋಡ್ತಾರೆ, ಬೋರ್ಡ್ ರೆಸಲ್ಯೂಷನ್ ಕಾಪಿ ಕೇಳಿ ತಗೋತಾರೆ, ಸೀಲು ಸೈನು ಸರಿ ಇದೆಯಾ ಅಂತ ಎರಡೆರಡು ಸಲ ನೋಡ್ತಾರೆ, ಆದ್ರೆ ಕಂಪನಿ ಯಾವ ಕೆಲಸಕ್ಕೆ ಹುಟ್ಟಿದೆ ಅಂತ ಹೇಳೋ ಮೂಲ ದಾಖಲೆ, ಅದರ ಮೆಮೊರಾಂಡಂ ಮಾತ್ರ ತೆಗೆದು ಓದಲ್ಲ. ಅದ್ರಲ್ಲಿ ಬರೆದಿರೋ ಉದ್ದೇಶದ ಆಚೆಗೆ ಕಂಪನಿ ಏನಾದ್ರೂ ಮಾಡಿದ್ರೆ ಅದೇ ಅಲ್ಟ್ರಾ ವೈರೀಸ್, ಅಂಥ ಕಾಂಟ್ರಾಕ್ಟ್ ವಾಯ್ಡ್. ನೀವು ಕಂಪನಿ ಮೇಲೆ ಅದನ್ನ ಜಾರಿ ಮಾಡಿಸೋಕಾಗಲ್ಲ, ಕಂಪನಿಗೂ ನಿಮ್ಮ ಮೇಲೆ ಮಾಡಿಸೋಕಾಗಲ್ಲ.

ಒಂದು ಉದಾಹರಣೆ ಹಿಡ್ಕೊಂಡೇ ಹೋಗೋಣ. ರೆಡಿಮೇಡ್ ಬಟ್ಟೆ ಹೊಲಿದು ಮಾರೋ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ, ನಿಮ್ಮ ಸಿನಿಮಾಗೆ 1 ಕೋಟಿ ಹಾಕ್ತೀವಿ ಅಂತ ಅಗ್ರಿಮೆಂಟ್ ಮಾಡ್ಕೊಂಡಿದೆ ಅಂದ್ಕೊಳ್ಳಿ. ಅರ್ಧ ಶೂಟಿಂಗ್ ಆದ್ಮೇಲೆ ದುಡ್ಡು ಕೊಡಲ್ಲ ಅಂತಾರೆ. ಕೇಸ್ ನಿಲ್ಲುತ್ತಾ?

ಮೊದಲನೇ ಹೆಜ್ಜೆ, ಮೆಮೊರಾಂಡಂ ತರಿಸೋದು. ಕೇಂದ್ರದ ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಎಂಸಿಎ ಪೋರ್ಟಲಲ್ಲಿ ಪಬ್ಲಿಕ್ ಡಾಕ್ಯುಮೆಂಟ್ಸ್ ನೋಡೋ ಸೌಲಭ್ಯ ಇದೆ, 100 ರೂಪಾಯಿ ಫೀ ಕಟ್ಟಿದ್ರೆ ಸಿಗುತ್ತೆ. ಇಂಟರ್ನೆಟ್ಟಲ್ಲಿ ಕಂಪನಿ ಮಾಹಿತಿ ಅಂತ ಫ್ರೀಯಾಗಿ ತೋರಿಸೋ ಸೈಟುಗಳನ್ನ ದಯವಿಟ್ಟು ನಂಬಬೇಡಿ, ಅಲ್ಲಿ 'ವ್ಯವಹಾರ' ಅಂತ ಬರೋ ಒಂದು ಲೈನು ಹೆಚ್ಚಾಗಿ ಕಂಪನಿಯ ನೋಂದಣಿ ಸಂಖ್ಯೆಯಾದ ಸಿಐಎನ್ ನಂಬರಲ್ಲಿರೋ ಇಂಡಸ್ಟ್ರಿ ಕೋಡಿಂದ ತೆಗೆದಿರೋದು, ಅದು ಮೆಮೊರಾಂಡಂನಲ್ಲಿರೋ ಉದ್ದೇಶದ ಕ್ಲಾಜ್ ಅಲ್ಲವೇ ಅಲ್ಲ.

ಎರಡನೇದು, ತಿದ್ದುಪಡಿ ಆಗಿದೆಯಾ ನೋಡಿ. ಉದ್ದೇಶ ಬದಲಾಯಿಸೋಕೆ ಸ್ಪೆಷಲ್ ರೆಸಲ್ಯೂಷನ್ ಬೇಕು, ಅದನ್ನ ಎಂಜಿಟಿ-14 ಫಾರಂನಲ್ಲಿ ಫೈಲ್ ಮಾಡಬೇಕು, ರಿಜಿಸ್ಟ್ರಾರ್ ರಿಜಿಸ್ಟರ್ ಮಾಡೋವರೆಗೂ ಅದಕ್ಕೆ ಬೆಲೆ ಇಲ್ಲ ಅಂತ 2013ರ ಕಂಪನಿ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತೆ. ರಿಜಿಸ್ಟರ್ ಆದ ತಾರೀಕನ್ನ ಕಾಂಟ್ರಾಕ್ಟ್ ತಾರೀಕಿನ ಪಕ್ಕ ಇಟ್ಟು ನೋಡಿ. ತಿದ್ದುಪಡಿ ಆಮೇಲೆ ಆಗಿದ್ರೆ ಹಳೇ ಕಾಂಟ್ರಾಕ್ಟಿಗೆ ಅದು ಜೀವ ಕೊಡಲ್ಲ, ಹೊಸದಾಗಿ ಇನ್ನೊಂದು ಅಗ್ರಿಮೆಂಟ್ ಬರೆಸ್ಕೊಳ್ಳಿ.

ಮೂರನೇದೇ ಕಷ್ಟದ್ದು, ಓದೋದು. ಮೆಮೊರಾಂಡಂನ ಮೂರನೇ ಕ್ಲಾಜಲ್ಲಿ (ಎ) ಅಂತ ಮುಖ್ಯ ಉದ್ದೇಶಗಳು ಇರುತ್ತೆ, (ಬಿ) ಅಂತ ಅದನ್ನ ನಡೆಸೋಕೆ ಬೇಕಾದ ವಿಷಯಗಳ ಉದ್ದದ ಪಟ್ಟಿ ಇರುತ್ತೆ, ಸಾಲ ತಗೊಳ್ಳೋದು, ಜಾಗ ಕೊಳ್ಳೋದು, ದಾನ ಕೊಡೋದು, ಕೊನೆಗೆ 'ಇವಕ್ಕೆ ಪೂರಕವಾದ ಇತರೆ ಎಲ್ಲಾ ಕೆಲಸಗಳು' ಅಂತ ಒಂದು ಸಾಲು. ಜನ ಎಡವೋದು ಇಲ್ಲೇ. ಆ ಕೊನೇ ಸಾಲು ನೋಡಿ ಎಲ್ಲಾನೂ ಅದ್ರಲ್ಲೇ ಬರುತ್ತೆ ಅಂತ ಫೈಲ್ ಮುಚ್ಚಿಬಿಡ್ತಾರೆ. (ಬಿ) ಯಾವತ್ತೂ (ಎ)ಗೆ ಸೇವೆ ಮಾಡೋಕೆ ಇರೋದು, ಒಬ್ಬಂಟಿಯಾಗಿ ನಿಲ್ಲಲ್ಲ.

ಇದನ್ನ ನಮ್ಮ ಸುಪ್ರೀಂ ಕೋರ್ಟೇ ಲಕ್ಷ್ಮಣಸ್ವಾಮಿ ಮುದಲಿಯಾರ್ ವರ್ಸಸ್ ಎಲ್‌ಐಸಿ ಕೇಸಲ್ಲಿ ಹೇಳಿದೆ (ಎಐಆರ್ 1963 ಸುಪ್ರೀಂ ಕೋರ್ಟ್ 1185). ಒಂದು ಜೀವ ವಿಮಾ ಕಂಪನಿ 1955ರಲ್ಲಿ ಶೇರ್‌ಹೋಲ್ಡರ್ಸ್ ರೆಸಲ್ಯೂಷನ್ ಮಾಡಿ ಒಂದು ಸ್ಮಾರಕ ಟ್ರಸ್ಟಿಗೆ 2 ಲಕ್ಷ ಕೊಡ್ತು. ಟ್ರಸ್ಟಿನ ಉದ್ದೇಶಗಳಲ್ಲಿ ವಿಮೆ ಬಗ್ಗೆ ಜ್ಞಾನ ಹರಡೋದೂ ಸೇರಿತ್ತು, ಕಂಪನಿ ಮೆಮೊರಾಂಡಂನಲ್ಲಿ ಸಾರ್ವಜನಿಕ ಉಪಯೋಗಕ್ಕೆ ಹಣ ಕೊಡಬಹುದು ಅನ್ನೋ ಮಾತೂ ಇತ್ತು. ಜೀವ ವಿಮೆ ರಾಷ್ಟ್ರೀಕರಣ ಆಗಿ ಆ ಕಂಪನಿ ಎಲ್‌ಐಸಿ ಕೈಗೆ ಬಂದ್ಮೇಲೆ ಎಲ್‌ಐಸಿ ಆ ದುಡ್ಡು ವಾಪಸ್ ಕೇಳಿತು, ಕೋರ್ಟ್ ಹೌದು ಅಂತು. ಕೊಟ್ಟ ದುಡ್ಡಿಗೂ ಕಂಪನಿಯ ಉದ್ದೇಶಕ್ಕೂ ಹತ್ತಿರದ ಸಂಬಂಧ ಕಾಣಬೇಕು, ವಾದ ಮಾಡಿ ಎಳೆದು ತಂದ ಸಂಬಂಧ ಸಾಲದು. ಟ್ರಸ್ಟಿಗಳೇ ಹಣ ಕಟ್ಟಬೇಕಾಯ್ತು.

ಈಗ ನಮ್ಮ ಬಟ್ಟೆ ಕಂಪನಿಗೆ ಬನ್ನಿ. ಅದೇ ಕಂಪನಿ ಕೆಲಸಗಾರರಿಗೆ ಬಸ್ ಬಾಡಿಗೆಗೆ ತಗೊಂಡ್ರೆ ಸರಿ, ಮೆಷಿನ್ ಕೊಳ್ಳೋಕೆ ಸಾಲ ಮಾಡಿದ್ರೆ ಸರಿ. ನಿಮ್ಮ ಸಿನಿಮಾದ ಹೀರೋ ಅವರ ಬ್ರ್ಯಾಂಡ್ ಶರ್ಟ್ ಹಾಕ್ಕೊಂಡು ಬರಬೇಕು, ಅದಕ್ಕೆ 10 ಲಕ್ಷ ಕೊಡ್ತೀವಿ ಅಂದ್ರೂ ನಿಲ್ಲುತ್ತೆ, ಬಟ್ಟೆ ಮಾರೋಕೆ ಜಾಹೀರಾತು ಬೇಕೇ ಬೇಕು. ಆದ್ರೆ ಲಾಭದಲ್ಲಿ ಪಾಲು ತಗೊಂಡು 1 ಕೋಟಿ ಹಾಕೋದು ಸಿನಿಮಾ ವ್ಯಾಪಾರ, ಅದಕ್ಕೆ (ಎ)ನಲ್ಲೇ ಜಾಗ ಇರಬೇಕು. ನಾನಾದ್ರೆ ಅನುಮಾನ ಇದ್ದಾಗ ಸೈನ್ ಮಾಡಲ್ಲ, ಮೊದಲು ಉದ್ದೇಶ ತಿದ್ದಿಸ್ಕೊಂಡು ಬನ್ನಿ ಅಂತೀನಿ. ಒಳ್ಳೇ ಉದ್ದೇಶ ಇರೋ ಕಂಪನಿ ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

'ಎಲ್ಲಾ ಶೇರ್‌ಹೋಲ್ಡರ್ಸೂ ಒಪ್ಪಿದಾರೆ, ಇನ್ನೇನು' ಅನ್ನೋ ಶಾರ್ಟ್‌ಕಟ್ ಬಹಳ ಜನ ಹೇಳ್ತಾರೆ, ಅದನ್ನ 1875ರಲ್ಲೇ ಇಂಗ್ಲೆಂಡಿನ ಆಗಿನ ಅತ್ಯುನ್ನತ ಕೋರ್ಟ್ ಹೌಸ್ ಆಫ್ ಲಾರ್ಡ್ಸ್ ಮುಗಿಸಿದೆ. ಆಶ್‌ಬರಿ ಅನ್ನೋ ಕಂಪನಿ ರೈಲ್ವೆ ಬೋಗಿ ಮಾಡೋದು, ಮೆಕ್ಯಾನಿಕಲ್ ಇಂಜಿನಿಯರ್ಸ್ ಮತ್ತು ಜನರಲ್ ಕಾಂಟ್ರಾಕ್ಟರ್ಸ್ ಆಗಿ ಕೆಲಸ ಮಾಡೋದು ಅಂತ ಬರ್ಕೊಂಡಿತ್ತು, ಆಮೇಲೆ ಬೆಲ್ಜಿಯಂನಲ್ಲಿ ರೈಲ್ವೆ ಲೈನ್ ಕಟ್ಟೋಕೆ ಹಣ ಹಾಕೋ ಒಪ್ಪಂದಕ್ಕೆ ಸೈನ್ ಮಾಡ್ತು. ಕಂಪನಿ ಕೈ ಎತ್ತಿದಾಗ ಒಪ್ಪಂದದ ಇನ್ನೊಂದು ಕಡೆಯ ರಿಚ್ ಅನ್ನೋರು ಕೇಸ್ ಹಾಕಿದ್ರು. 'ಜನರಲ್ ಕಾಂಟ್ರಾಕ್ಟರ್ಸ್' ಅಂದ್ರೆ ಎಲ್ಲಾ ಥರದ ಕಾಂಟ್ರಾಕ್ಟ್ ಅಲ್ಲ, ಪಕ್ಕದಲ್ಲಿರೋ ಮೆಕ್ಯಾನಿಕಲ್ ಇಂಜಿನಿಯರಿಂಗ್ ಜೊತೆ ಸೇರಿಸಿ ಓದಬೇಕು ಅಂತ ಜಡ್ಜ್‌ಗಳು ಅಂದ್ರು, ಶೇರ್‌ಹೋಲ್ಡರ್ಸ್ ಒಬ್ಬರೂ ಬಿಡದೆ ಒಪ್ಪಿದ್ರೂ ಇದು ಸರಿಯಾಗಲ್ಲ ಅಂದ್ರು. ಡೈರೆಕ್ಟರ್ಸ್ ತಮ್ಮ ಅಧಿಕಾರ ಮಾತ್ರ ಮೀರಿದ್ರೆ, ಉದಾಹರಣೆಗೆ ಬೋರ್ಡ್ ಮಿತಿ 50 ಲಕ್ಷ ಇದ್ದು ಅದಕ್ಕಿಂತ ಜಾಸ್ತಿಗೆ ಸೈನ್ ಮಾಡಿದ್ರೆ, ಶೇರ್‌ಹೋಲ್ಡರ್ಸ್ ಆಮೇಲೆ ಒಪ್ಪಿ ಸರಿ ಮಾಡಬಹುದು, ಇವೆರಡನ್ನ ಒಂದೇ ಅಂದ್ಕೋಬೇಡಿ.

'ನಂಗೆ ಗೊತ್ತಿರಲಿಲ್ಲ' ಅಂತಲೂ ಹೇಳೋ ಹಾಗಿಲ್ಲ, ಮೆಮೊರಾಂಡಂ ಪಬ್ಲಿಕ್ ಡಾಕ್ಯುಮೆಂಟ್, ನಿಮಗೆ ಗೊತ್ತಿತ್ತು ಅಂತಲೇ ಕಾನೂನು ಲೆಕ್ಕ ಹಾಕುತ್ತೆ. ಜಾನ್ ಬೋಫೋರ್ಟ್ ಅನ್ನೋ ಇಂಗ್ಲಿಷ್ ಕಂಪನಿ ಹೆಂಗಸರ ಉಡುಪು ಹೊಲಿಯೋಕೆ ಶುರುವಾಗಿ ಆಮೇಲೆ ವೆನೀರ್ ಪ್ಯಾನೆಲ್ ಮಾಡೋಕೆ ಹೊರಟಿತ್ತು, ಅದಕ್ಕೆ ಇದ್ದಿಲು ಥರದ ಕೋಕ್ ಸಪ್ಲೈ ಮಾಡಿದವನು 1953ರಲ್ಲಿ ದುಡ್ಡು ಕಳ್ಕೊಂಡ. ಕೋಕ್ ಉಡುಪಿನ ಕೆಲಸಕ್ಕೂ ಬಳಸಬಹುದಾಗಿತ್ತು, ಆದ್ರೆ ಅವನಿಗೆ ಬಂದ ಆರ್ಡರ್ ಪತ್ರದ ಲೆಟರ್‌ಹೆಡ್ಡಲ್ಲೇ ಪ್ಯಾನೆಲ್ ತಯಾರಕರು ಅಂತ ಪ್ರಿಂಟಾಗಿತ್ತು. ಹಾಗಾಗಿ ಬರೋ ಪರ್ಚೇಸ್ ಆರ್ಡರಿನ ತಲೆಬರಹವನ್ನೂ ಮೆಮೊರಾಂಡಂ ಜೊತೆ ಹೋಲಿಸಿ ನೋಡಿ. ಇಂಗ್ಲೆಂಡಲ್ಲಿ ಈ ಸಿದ್ಧಾಂತ ಈಗಿಲ್ಲ, 2006ರ ಅಲ್ಲಿನ ಕಾಯ್ದೆ ಹೊರಗಿನವರಿಗೆ ಪೂರ್ತಿ ರಕ್ಷಣೆ ಕೊಟ್ಟಿದೆ, ಅದನ್ನ ಓದಿ ಇಲ್ಲೂ ಹಾಗೇ ಅಂದ್ಕೊಳ್ಳೋರು ತುಂಬಾ ಜನ, ನಮ್ಮ 2013ರ ಕಾಯ್ದೆಯಲ್ಲಿ ಅಂಥ ಸೆಕ್ಷನ್ ಇಲ್ಲ.

ಆಗಲೇ ಸೈನ್ ಆಗಿ ದುಡ್ಡೋ ಸರಕೋ ಕೊಟ್ಟಾಗಿದ್ರೆ? ಬರೀ ಕಾಂಟ್ರಾಕ್ಟ್ ಜಾರಿ ಮಾಡಿ ಅಂತ ದಾವೆ ಹಾಕಬೇಡಿ. ಕಾಂಟ್ರಾಕ್ಟ್ ಕಾಯ್ದೆಯ 65 ಮತ್ತು 70ನೇ ಸೆಕ್ಷನ್ ಹಿಡಿದು, ಕಂಪನಿ ಪಡೆದ ಲಾಭ ವಾಪಸ್ ಕೊಡಲಿ ಅಂತ ಪರ್ಯಾಯ ಪರಿಹಾರವನ್ನೂ ಅದೇ ಪ್ಲೇಂಟಲ್ಲಿ ಕೇಳಿ. 65 ಕೆಲಸ ಮಾಡೋದು ಒಪ್ಪಂದ ವಾಯ್ಡ್ ಅಂತ ಆಮೇಲೆ ಗೊತ್ತಾದಾಗ, ಮೊದಲೇ ಗೊತ್ತಿದ್ದೇ ಸೈನ್ ಮಾಡಿದ್ರೆ ಕಷ್ಟ, ಅದಕ್ಕೇ 70 ಜೊತೆಗಿರಲಿ. ನೀವು ಕೊಟ್ಟ ದುಡ್ಡು ಯಾವ ಅಕೌಂಟಿಗೆ ಹೋಯ್ತು, ಅದ್ರಲ್ಲಿ ಏನು ಕೊಂಡ್ರು ಅನ್ನೋ ಬ್ಯಾಂಕ್ ಸ್ಟೇಟ್‌ಮೆಂಟು ಇನ್‌ವಾಯ್ಸು ಇವತ್ತೇ ಎತ್ತಿಟ್ಕೊಳ್ಳಿ. ನಮಗೆ ಅಧಿಕಾರ ಇದೆ ಅಂತ ಸೈನ್ ಮಾಡಿದ ಡೈರೆಕ್ಟರ್ ಮೇಲೂ ಕ್ಲೇಮ್ ಹಾಕಬಹುದು, ಆದ್ರೆ ಮೆಮೊರಾಂಡಂ ನೀವೇ ಓದಬಹುದಿತ್ತಲ್ಲ ಅನ್ನೋ ಉತ್ತರ ಬಂದೇ ಬರುತ್ತೆ. ಮುಂದಿನ ಸಲ ಡೈರೆಕ್ಟರ್ಸಿಂದ ವೈಯಕ್ತಿಕ ಇಂಡೆಮ್ನಿಟಿಯನ್ನ ಬೇರೆ ಕಾಗದದಲ್ಲಿ ಬರೆಸ್ಕೊಳ್ಳಿ, ಕಾಂಟ್ರಾಕ್ಟ್ ಅಲ್ಟ್ರಾ ವೈರೀಸ್ ಅಂತ ಆದ್ರೂ ನಷ್ಟ ನಾವೇ ತುಂಬಿ ಕೊಡ್ತೀವಿ ಅನ್ನೋ ಮಾತು ಅದ್ರಲ್ಲಿ ಸ್ಪಷ್ಟವಾಗಿ ಇರಬೇಕು.