ಪುಶ್-ಪುಲ್ ಪ್ರಶ್ನೆ ಬಂದರೆ ಮೊದಲು ಗೆರೆ ಎಳೆಯಿರಿ

ಡೊಂಬಿವಲಿಯ ನಮ್ಮ ಮನೆಗೆ ಭಾನುವಾರ ಬೆಳಿಗ್ಗೆ ಐದಾರು ಮಕ್ಕಳು ಬರುತ್ತಾರೆ. ಎಲ್ಲರೂ ಮ್ಯಾನೇಜ್‌ಮೆಂಟ್ ಓದುವವರು, ಸಪ್ಲೈ ಚೈನ್ ಪೇಪರ್ ಇರುವವರು. ಪುಶ್-ಪುಲ್ ಪ್ರಶ್ನೆ ಕೊಟ್ಟರೆ ಹೆಚ್ಚಿನವರು ಎರಡು ಕಾಲಂ ಹಾಕಿ ಎಂಟು ವ್ಯತ್ಯಾಸ ಬರೆದು ಪೆನ್ನು ಕೆಳಗಿಡುತ್ತಾರೆ. ಹತ್ತಕ್ಕೆ ನಾಲ್ಕು ಅಂಕ ಬಂದಾಗ ಪರೀಕ್ಷಕರ ಮೇಲೆ ಸಿಟ್ಟು. ಉತ್ತರ ಹೇಗಿರಬೇಕು ಅಂತ ಹಂತ ಹಂತವಾಗಿ ಹೇಳುತ್ತೇನೆ.

ಹಂತ 1: ಅರ್ಥ ಬರೆಯಿರಿ, ಎರಡೇ ಸಾಲು

ಆರ್ಡರ್ ಬರುವ ಮೊದಲು, ಅಂದಾಜಿನ ಮೇಲೆ ಮಾಡುವ ಕೆಲಸ ಪುಶ್. ಆರ್ಡರ್ ಬಂದ ಮೇಲೆ ಮಾಡುವ ಕೆಲಸ ಪುಲ್. ಅಷ್ಟು ಸಾಕು.

ಇಲ್ಲೊಂದು ಎಚ್ಚರಿಕೆ. ಫುಟ್‌ಪಾತಿನಲ್ಲಿ ಸಿಗುವ ಒಂದು ತೆಳ್ಳಗಿನ ಗೈಡಿನಲ್ಲಿ ‘ಪುಶ್ ಎಂದರೆ ಅಂಗಡಿಯವರಿಗೆ ಕಮಿಷನ್ ಕೊಟ್ಟು ಮಾಲು ದಬ್ಬುವುದು, ಪುಲ್ ಎಂದರೆ ಟಿವಿ ಜಾಹೀರಾತು’ ಎಂದಿದೆ. ಅದು ಮಾರ್ಕೆಟಿಂಗ್ ಪೇಪರಿನ ಪುಶ್-ಪುಲ್. ಹೆಸರು ಒಂದೇ, ವಿಷಯ ಬೇರೆ. ಇಲ್ಲಿ ಅದನ್ನು ಬರೆದರೆ ಸೊನ್ನೆ. ಆ ಗೈಡನ್ನು ರದ್ದಿಗೆ ಹಾಕಿ.

ಹಂತ 2: ಗೆರೆ ಎಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ‘ಈ ಕಂಪನಿ ಪುಶ್, ಆ ಕಂಪನಿ ಪುಲ್’ ಎಂದು ಬರೆಯುತ್ತಾರೆ. ಹಾಗೆ ಪೂರ್ತಿ ಒಂದೇ ಕಡೆ ಇರುವ ಸಪ್ಲೈ ಚೈನ್ ಸಿಗುವುದು ಅಪರೂಪ. ಸರಪಳಿಯ ಒಂದು ಭಾಗ ಪುಶ್, ಉಳಿದದ್ದು ಪುಲ್. ಎರಡೂ ಸೇರುವ ಜಾಗವೇ ಪುಶ್-ಪುಲ್ ಬೌಂಡರಿ.

ಮಾಟುಂಗದ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆ ನೆನಪಿಸಿಕೊಳ್ಳಿ. ಅಕ್ಕಿ, ಉದ್ದು ನೆನೆಯಬೇಕು. ರುಬ್ಬಬೇಕು. ರಾತ್ರಿಯಿಡೀ ಹುಳಿ ಬರಬೇಕು. ಗಿರಾಕಿ ಕೂತ ಮೇಲೆ ಇದನ್ನೆಲ್ಲ ಶುರು ಮಾಡಲು ಆಗುತ್ತದಾ? ನಾಳೆ ಎಷ್ಟು ಜನ ಬರಬಹುದು ಅಂತ ಅಂದಾಜು ಮಾಡಿ ಹಿಂದಿನ ದಿನವೇ ರುಬ್ಬಿಡುತ್ತಾರೆ. ಅದು ಪುಶ್. ವೇಟರ್ ಬಂದು ‘ಒಂದು ಮಸಾಲೆ’ ಎಂದು ಕೂಗಿದ ಮೇಲೆಯೇ ಭಟ್ಟರು ಕಾವಲಿಗೆ ಹಿಟ್ಟು ಹೊಯ್ಯುವುದು. ಅದು ಪುಲ್. ಗೆರೆ ಬೀಳುವುದು ಹಿಟ್ಟಿನ ಪಾತ್ರೆಯ ಮೇಲೆ.

ಅದೇ ಅಡುಗೆಮನೆಯಲ್ಲಿ ಇಡ್ಲಿಯ ಗೆರೆ ಬೇರೆ ಕಡೆ ಇದೆ. ಇಡ್ಲಿ ಒಂದೊಂದಾಗಿ ಬೇಯುವುದಿಲ್ಲ, ತಟ್ಟೆ ತಟ್ಟೆಯಾಗಿ ಬೇಯಬೇಕು. ಹಾಗಾಗಿ ಬೇಯಿಸುವುದೂ ಪುಶ್. ಪ್ಲೇಟಿಗೆ ಹಾಕಿ ಸಾಂಬಾರ್ ಸುರಿಯುವುದಷ್ಟೇ ಪುಲ್.

ಗೆರೆ ಎಲ್ಲಿ ಅಂತ ಕಂಡುಹಿಡಿಯಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗಿರಾಕಿ ಎಷ್ಟು ಹೊತ್ತು ಕಾಯುತ್ತಾನೆ? ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಕೊನೆಯ ಕೆಲಸದಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಹತ್ತು ನಿಮಿಷದೊಳಗೆ ಮುಗಿಯುವಷ್ಟು ಕೆಲಸ ಪುಲ್ ಆಗಬಹುದು. ಅದಕ್ಕಿಂತ ಹಿಂದಿನದೆಲ್ಲ ಪುಶ್ ಆಗಲೇಬೇಕು. ‘ಪುಲ್‌ನಲ್ಲಿ ಸ್ಟಾಕ್ ಇರುವುದಿಲ್ಲ’ ಎಂಬ ಸಾಲನ್ನು ಅಪ್ಪಿತಪ್ಪಿಯೂ ಬರೆಯಬೇಡಿ. ಸ್ಟಾಕ್ ಇರುತ್ತದೆ, ಗೆರೆಯ ಮೇಲೆ ಇರುತ್ತದೆ, ದೋಸೆಯ ಬದಲು ಹಿಟ್ಟಿನ ರೂಪದಲ್ಲಿ.

ಪರೀಕ್ಷೆಯಲ್ಲಿ ಸ್ಕೇಲ್ ಹಿಡಿದು ಇದರ ಚಿತ್ರ ಬರೆಯಿರಿ. ಗೆರೆ ಇಲ್ಲದ ಉತ್ತರ ನನ್ನ ಕೈಗೆ ಬಂದರೆ ನಾನು ಓದುವುದೇ ಇಲ್ಲ.

ಹಂತ 3: ಪೋಸ್ಟ್‌ಪೋನ್‌ಮೆಂಟ್, ಲೆಕ್ಕದ ಸಮೇತ

ಮಾಲಿಗೆ ಬೇರೆ ಬೇರೆ ರೂಪ ಕೊಡುವ ಕೆಲಸವನ್ನು ಆದಷ್ಟು ತಡವಾಗಿ, ಗೆರೆ ದಾಟಿದ ಮೇಲೆ ಮಾಡುವುದೇ ಪೋಸ್ಟ್‌ಪೋನ್‌ಮೆಂಟ್. ಸಾದಾ, ಮಸಾಲೆ, ಮೈಸೂರು ಮಸಾಲೆ, ಮೂರಕ್ಕೂ ಹಿಟ್ಟು ಒಂದೇ. ಯಾವುದು ಅಂತ ತೀರ್ಮಾನ ಆಗುವುದು ಕಾವಲಿಯ ಮೇಲೆ.

ಇದರ ಲಾಭವನ್ನು ಮಾತಿನಲ್ಲಿ ಹೇಳಿದರೆ ಸಾಲದು, ಅಂಕಿಯಲ್ಲಿ ತೋರಿಸಿ. ಬಣ್ಣದ ಅಂಗಡಿ ತೆಗೆದುಕೊಳ್ಳಿ. ನಾಲ್ಕು ತಿಳಿ ಬಣ್ಣಗಳಿವೆ. ಹೊಸ ಮಾಲು ಬರುವಷ್ಟರಲ್ಲಿ ಪ್ರತಿ ಬಣ್ಣ ಸರಾಸರಿ 100 ಡಬ್ಬಿ ಹೋಗುತ್ತದೆ, ಸ್ಟ್ಯಾಂಡರ್ಡ್ ಡೀವಿಯೇಶನ್ 40. ನೂರಕ್ಕೆ 95 ಸಲ ಮಾಲು ತೀರಿಹೋಗಬಾರದು ಎಂದರೆ 40ನ್ನು 1.65ರಿಂದ ಗುಣಿಸಬೇಕು. ಸೇಫ್ಟಿ ಸ್ಟಾಕ್ 66 ಡಬ್ಬಿ. ನಾಲ್ಕಕ್ಕೂ ಸೇರಿ 264.

ಈಗ ಅಂಗಡಿಯಲ್ಲೇ ಬಣ್ಣ ಬೆರೆಸುವ ಟಿಂಟಿಂಗ್ ಮಷೀನ್ ತಂದರು. ನಾಲ್ಕರ ಬದಲು ಒಂದೇ ಬಿಳಿ ಬೇಸ್ ಇಟ್ಟರೆ ಸಾಕು. ಒಂದು ಬಣ್ಣ ಜಾಸ್ತಿ ಹೋದ ವಾರ ಇನ್ನೊಂದು ಕಮ್ಮಿ ಹೋಗಿರುತ್ತದೆ, ಅದಕ್ಕಿದಕ್ಕೆ ಸರಿಹೋಗುತ್ತದೆ. ಸರಾಸರಿ 400 ಡಬ್ಬಿ. ಡೀವಿಯೇಶನ್ ಎಷ್ಟು? ಮಕ್ಕಳು 40 × 4 = 160 ಎಂದು ಬರೆಯುತ್ತಾರೆ. ತಪ್ಪು. ಕೂಡಿಸಬೇಕಾದ್ದು ವೇರಿಯನ್ಸ್, ಡೀವಿಯೇಶನ್ ಅಲ್ಲ. ನಾಲ್ಕು ಬಣ್ಣಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದ್ದಾದರೆ 40 × √4 = 80. ಸೇಫ್ಟಿ ಸ್ಟಾಕ್ 1.65 × 80 = 132. ಸರಿಯಾಗಿ ಅರ್ಧ.

‘ಸಂಬಂಧವಿಲ್ಲದ್ದಾದರೆ’ ಎಂಬ ಮಾತನ್ನು ಬಿಡಬೇಡಿ, ಅದಕ್ಕೇ ಒಂದು ಅಂಕ ಇರುತ್ತದೆ. ದೀಪಾವಳಿ ಮುಂಚೆ ನಾಲ್ಕೂ ಬಣ್ಣ ಒಟ್ಟಿಗೇ ಏರಿ, ಮಳೆಗಾಲದಲ್ಲಿ ಒಟ್ಟಿಗೇ ಇಳಿದರೆ ಒಂದರ ಕೊರತೆಗೆ ಇನ್ನೊಂದರ ಉಳಿಕೆ ಸಿಗುವುದಿಲ್ಲ. ಪೂರ್ತಿ ಒಟ್ಟಿಗೇ ಏರಿಳಿಯುವುದಾದರೆ ಡೀವಿಯೇಶನ್ ನಿಜಕ್ಕೂ 160 ಆಗುತ್ತದೆ, ಸೇಫ್ಟಿ ಸ್ಟಾಕ್ ಮತ್ತೆ 264. ಮಷೀನಿನ ದುಡ್ಡು ದಂಡ. ಕೋರಿಲೇಶನ್ 0.5 ಇದ್ದರೆ ಸುಮಾರು 209 ಬರುತ್ತದೆ. ಪುರುಸೊತ್ತಿದ್ದರೆ ಮನೆಯಲ್ಲಿ ಹಾಕಿ ನೋಡಿ.

ಇನ್ನೊಂದು ವಿಷಯ. ಗಾಢ ಕೆಂಪು, ಕಡು ನೀಲಿಗೆ ಈ ಬಿಳಿ ಬೇಸ್ ಆಗುವುದಿಲ್ಲ. ಅವಕ್ಕೆ ಬಿಳಿ ಪುಡಿ ಕಮ್ಮಿ ಇರುವ ಬೇರೆ ಬೇಸ್ ಬೇಕು. ರವೆ ದೋಸೆಗೆ ಬೇರೆ ಹಿಟ್ಟು ಬೇಕಲ್ವಾ, ಹಾಗೆ. ಒಂದೇ ಬೇಸಿನಿಂದ ಹುಟ್ಟುವ ಬಣ್ಣಗಳನ್ನು ಮಾತ್ರ ಒಟ್ಟಿಗೆ ಲೆಕ್ಕ ಹಾಕಬೇಕು.

ಹಂತ 4: ಒಂದು ಕಂಪನಿಯ ಉದಾಹರಣೆ

ಒಂದೇ ಸಾಕು, ಬೆನೆಟ್ಟನ್ ಬರೆಯಿರಿ. ಇಟಲಿಯ ಸ್ವೆಟರ್ ಕಂಪನಿ. ಮೊದಲು ನೂಲಿಗೆ ಬಣ್ಣ ಹಾಕಿ ಆಮೇಲೆ ಹೆಣೆಯುತ್ತಿದ್ದರು. ಅದನ್ನು ತಿರುಗಿಸಿದರು: ಬಣ್ಣವಿಲ್ಲದ ನೂಲಿನಲ್ಲಿ ಮೊದಲು ಹೆಣೆದು, ಯಾವ ಬಣ್ಣ ಓಡುತ್ತಿದೆ ಎಂದು ತಿಳಿದ ಮೇಲೆ ಬಣ್ಣ ಹಾಕಿದರು. ಇದನ್ನು ‘ಆರ್ಡರ್ ಬಂದ ಮೇಲೆ ಹೆಣೆದರು’ ಎಂದು ಬರೆದವರು ಅಂಕ ಕಳೆದುಕೊಂಡಿದ್ದಾರೆ. ಹೆಣೆಯುವುದು ನಿಧಾನದ ಕೆಲಸ, ಅದು ಪುಶ್ ಆಗಿಯೇ ಉಳಿಯಿತು. ಮುಂದಕ್ಕೆ ಹೋದದ್ದು ಬಣ್ಣ ಹಾಕುವುದು ಮಾತ್ರ.

ಹಂತ 5: ಎಲ್ಲಿ ಬೇಡ

ತಡ ಮಾಡುವುದಕ್ಕೂ ಖರ್ಚಿದೆ. ಹೆಣೆದ ಸ್ವೆಟರಿಗೆ ಬಣ್ಣ ಹಾಕುವುದು ನೂಲಿಗೆ ಹಾಕುವುದಕ್ಕಿಂತ ದುಬಾರಿ. ಬೇಡಿಕೆ ಏರಿಳಿಯುವ ಬಣ್ಣಗಳಲ್ಲಿ ಈ ಖರ್ಚು ಗಿಟ್ಟುತ್ತದೆ. ಒಂದೇ ಬಣ್ಣ ಬಹುಪಾಲು ಮಾರಾಟವಾಗುತ್ತಾ, ಎಷ್ಟು ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಗಿಟ್ಟುವುದಿಲ್ಲ.

ನಮ್ಮ ಬಣ್ಣದ ಅಂಗಡಿಯಲ್ಲಿ ಸೀಲಿಂಗಿಗೆ ಹೊಡೆಯುವ ಬಿಳಿ 300 ಡಬ್ಬಿ ಹೋಗಿ ಡೀವಿಯೇಶನ್ ಬರೀ 15 ಇದೆ ಎಂದಿಟ್ಟುಕೊಳ್ಳಿ. ಅದಕ್ಕೆ 25 ಡಬ್ಬಿ ಸೇಫ್ಟಿ ಸ್ಟಾಕ್ ಸಾಕು. ಅದನ್ನು ಮಷೀನಿನ ಹತ್ತಿರ ತರುವುದೇ ಬೇಡ, ಫ್ಯಾಕ್ಟರಿಯಿಂದ ಸಿದ್ಧ ಡಬ್ಬಿಯಾಗಿ ಬರಲಿ. ಏರಿಳಿಯುವ ತಿಳಿ ಬಣ್ಣಗಳಿಗೆ ಮಾತ್ರ ಮಷೀನ್. ಹೀಗೆ ಎರಡನ್ನೂ ಬೆರೆಸುವುದಕ್ಕೆ ಟೇಲರ್ಡ್ ಪೋಸ್ಟ್‌ಪೋನ್‌ಮೆಂಟ್ ಎಂದು ಹೆಸರು. ಆ ಹೆಸರಿನ ಕೆಳಗೆ ಒಂದು ಗೆರೆ ಹಾಕಿ, ಮುಂದಿನ ಪ್ರಶ್ನೆಗೆ ಹೋಗಿ.