ಮಾರುಕಟ್ಟೆಗೆ ಕಳಿಸಿದ ಟೊಮೆಟೊ: ತೂಕದ ವ್ಯತ್ಯಾಸವನ್ನೆಲ್ಲ ಹಾಳಾದ ಲೆಕ್ಕಕ್ಕೆ ಸೇರಿಸಬೇಡಿ

ನಗರದ ಮಾರುಕಟ್ಟೆಗೆ ತರಕಾರಿ ಕಳಿಸುವವರು ರವಾನೆ ಪುಸ್ತಕದಲ್ಲಿ ಕ್ರೇಟ್‌ಗಳ ಸಂಖ್ಯೆ, ಒಟ್ಟು ತೂಕ, ಖಾಲಿ ಕ್ರೇಟ್‌ಗಳ ತೂಕ ಮತ್ತು ನಿವ್ವಳ ತೂಕವನ್ನು ಬೇರೆ ಬೇರೆ ಅಂಕಣಗಳಲ್ಲಿ ಬರೆದಿಡಬೇಕು. ತೋಟದಲ್ಲೇ ಬೇಡವೆಂದು ಆರಿಸಿ ತೆಗೆದ ಕಾಯಿಗಳು ಈ ಲೆಕ್ಕದೊಳಗೆ ಬರಬಾರದು.

ಒಂದು ಉದಾಹರಣೆ ನೋಡೋಣ. 40 ಕ್ರೇಟ್ ಟೊಮೆಟೊದ ಒಟ್ಟು ತೂಕ 1,080 ಕಿಲೋ, ಖಾಲಿ ಕ್ರೇಟ್ ತಲಾ 2 ಕಿಲೋ ಎಂದಾದರೆ ನಿವ್ವಳ ತೂಕ 1,000 ಕಿಲೋ, ಅಂದರೆ ಕ್ರೇಟಿಗೆ 25 ಕಿಲೋ. (ತೊಳೆದ ಕ್ರೇಟ್ ಒದ್ದೆಯಿದ್ದರೆ ಈ ಲೆಕ್ಕವೇ ತಪ್ಪುತ್ತದೆ, ಒಣಗಿದ ಮೇಲೆಯೇ ತೂಗಿರಿ.) ಮಾರುಕಟ್ಟೆಯ ಚೀಟಿಯಲ್ಲಿ ಮಾರಾಟವಾದದ್ದು 955 ಕಿಲೋ, ಕೊಳೆತು ಬಿಸಾಡಿದ್ದು 18 ಕಿಲೋ ಎಂದಿದ್ದರೆ ಇನ್ನೂ 27 ಕಿಲೋಗೆ ಲೆಕ್ಕ ಸಿಗುವುದಿಲ್ಲ. ದಾರಿಯಲ್ಲಿ ತೇವಾಂಶ ಆರಿ ತೂಕ ಸ್ವಲ್ಪ ಇಳಿಯುವುದು ಸಹಜವೇ ಆದರೂ, ಈ ಅಂಕಿ ಒಂದು ತುಂಬಿದ ಕ್ರೇಟಿನ ತೂಕಕ್ಕೆ ಹತ್ತಿರವಿರುವುದರಿಂದ ಮೊದಲು ಇಳಿಸಿಕೊಂಡ ಕ್ರೇಟ್‌ಗಳ ಸಂಖ್ಯೆಯನ್ನೇ ವಿಚಾರಿಸಬೇಕು. ಚಾಲಕರು ಲೋಡ್ ಮಾಡುವಾಗಲೂ ಇಳಿಸುವಾಗಲೂ ಕ್ರೇಟ್ ಎಣಿಸಿ ಸಹಿ ಹಾಕಿದ್ದರೆ, ಕೊರತೆ ಎಲ್ಲಿ ಆಯಿತೆಂಬುದು ಆ ಎರಡು ಎಣಿಕೆಗಳನ್ನು ಹೋಲಿಸಿದರೆ ತಿಳಿಯುತ್ತದೆ.