ಮುಟ್ಟು ನಿಲ್ಲೋ ವಯಸ್ಸಲ್ಲಿ ಬೊಜ್ಜು ಇಳಿಸೋಕೆ ಊಟ ಬಿಡಬೇಡಿ
ಅಕ್ಕಂದಿರೇ, 45 ದಾಟಿದ್ಮೇಲೆ ರಾತ್ರಿ ಊಟ ಬಿಟ್ಟು ಬರೀ ವಾಕಿಂಗ್ ಮಾಡಿದ್ರೆ ಕೊಬ್ಬಿನ ಜೊತೆ ಸ್ನಾಯುನೂ ಕರಗುತ್ತೆ. ಸ್ನಾಯು ಉಳಿಸ್ಕೊಳ್ಳೋಕೆ 65 ಕೆಜಿ ಇರೋರಿಗೆ ದಿನಕ್ಕೆ ಸುಮಾರು 75 ಗ್ರಾಂ ಪ್ರೋಟೀನ್ ಬೇಕು, ನಮ್ಮ ದಾವಣಗೆರೆ ಕಡೆ ಬೆಳಿಗ್ಗೆ ದೋಸೆ ಮಧ್ಯಾಹ್ನ ರೊಟ್ಟಿ ಅನ್ನ ಸಾರು ಸಂಜೆ ಮಂಡಕ್ಕಿ ಅಂತ ತಿಂದ್ರೆ ಪ್ರೋಟೀನ್ 40 ಗ್ರಾಂ ದಾಟೋದೇ ಕಷ್ಟ, ಅದಕ್ಕೆ ಎರಡು ಮೊಟ್ಟೆ ಮತ್ತೆ 50 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಪಲ್ಯ ಮಾಡಿ ಸೇರಿಸಿದ್ರೆ ಇನ್ನೊಂದು 37 ಸಿಗುತ್ತೆ. ಕಿಡ್ನಿ ತೊಂದ್ರೆ ಇರೋರು ಮೊದ್ಲು ಡಾಕ್ಟರನ್ನ ಕೇಳ್ರಿ.

ವಾರಕ್ಕೆ ಎರಡು ಸಲ 5 ಕೆಜಿ ಅಕ್ಕಿ ಚೀಲ ಎದೆಗೆ ಹಿಡ್ಕೊಂಡು ಕುರ್ಚಿಯಿಂದ 10 ಸಲ ಎದ್ದು ಕೂತ್ಕೊಳ್ಳಿ, ಹಂಗೆ ಮೂರು ಸೆಟ್, ಪ್ರತಿ ಸೆಟ್ಟಲ್ಲಿ ಕೊನೇ ಎರಡು ಸಲ ಏಳೋದು ಕಷ್ಟ ಅನ್ನಿಸ್ಬೇಕು, ಅನ್ನಿಸ್ಲಿಲ್ಲ ಅಂದ್ರೆ ಭಾರ ಏರಿಸಿ. ತಿಂಗಳಿಗೆ ಒಂದು ಕೆಜಿ ಇಳಿದ್ರೂ ಚೆನ್ನಾಗೇ ಆಯ್ತು ಅಂತ ತಿಳ್ಕೊಳ್ರಿ, ಕೆಲವು ತಿಂಗಳು ತೂಕ ಅಲ್ಲೇ ನಿಂತಿರುತ್ತೆ ಆದ್ರೆ ಸೊಂಟಕ್ಕೆ ಟೇಪ್ ಹಿಡಿದ್ರೆ ಕಡಿಮೆ ಆಗಿರೋದು ಗೊತ್ತಾಗುತ್ತೆ.